ಐವರ ಟಿಕೆಟ್‌ನಲ್ಲಿ ಒಬ್ಬರು ಬರೋದಿಲ್ಲ ಅಂದಾಗ

ಆ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋಕೆ ಮುಂಚೆಯೇ ಒಬ್ಬ ತಾಯಿ ಮೆಟ್ಟಿಲ ಮೇಲೆ ಕೂತಿದ್ದರು. ಕೈಯಲ್ಲಿ ಮಡಚಿದ ಟಿಕೆಟ್ ಪ್ರಿಂಟು. ಮನೆಯವರೆಲ್ಲ ಕಾಶಿಗೆ ಹೊರಟಿದ್ದರು, ಐದು ಜನ, ಸ್ಲೀಪರ್ ಕ್ಲಾಸು, ಎಲ್ಲರದ್ದೂ ಕನ್ಫರ್ಮ್. ಅಷ್ಟರಲ್ಲಿ ಅವರ ಭಾವನವರು ಬಚ್ಚಲಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು.

'ಅಣ್ಣಾ, ಒಬ್ರದ್ದು ಕ್ಯಾನ್ಸಲ್ ಮಾಡಿದ್ರೆ ನಮ್ಮ ನಾಲ್ಕು ಜನದ್ದೂ ಹೋಗುತ್ತಂತೆ, ಹೌದಾ? ಇಲ್ಲಾಂದ್ರೆ ದುಡ್ಡು ಜಾಸ್ತಿ ಕಟ್ಟಬೇಕಂತೆ?'

ಯಾರು ಹೇಳಿದರು ಅಂತ ಕೇಳಿದೆ. ಪಕ್ಕದ ಮನೆಯವರಂತೆ. ಟಿಕೆಟ್ ಬುಕಿಂಗ್ ಏಜೆಂಟ್ ಆಗಿ ನಾನು ಜಾಸ್ತಿ ಸಲ ಉತ್ತರ ಕೊಟ್ಟಿರುವ ಪ್ರಶ್ನೆ ಬಹುಶಃ ಇದೇ ಇರಬೇಕು. ಪಕ್ಕದ ಮನೆಯವರು ಹೇಳಿದ್ದು ತಪ್ಪು. ಆದರೆ ಅವರ ಭಯಕ್ಕೆ ಒಂದು ಕಾರಣ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಟಿಕೆಟ್ ಅಂದರೆ ಏನು ಅಂತ ನೋಡೋಣ. ರೈಲ್ವೆ ಟಿಕೆಟ್‌ನಲ್ಲಿ ಆರು ಜನರವರೆಗೆ ಹೆಸರು ಹಾಕಬಹುದು, ತತ್ಕಾಲ್ ಆದರೆ ನಾಲ್ಕೇ. ಪಿಎನ್‌ಆರ್ ಒಂದೇ, ದುಡ್ಡು ಕಟ್ಟಿದ್ದೂ ಒಂದೇ ಸಲ. ಹಾಗಾಗಿ ಎಲ್ಲ ಸೇರಿ ಒಂದೇ ಗಂಟು ಅಂತ ಅನಿಸುತ್ತದೆ. ಒಳಗೆ ಹಾಗಿಲ್ಲ. ಪ್ರತಿಯೊಬ್ಬರಿಗೂ ಬೇರೆ ಸೀಟು, ಬೇರೆ ದರ, ಬೇರೆ ಸ್ಥಿತಿ ಇರುತ್ತದೆ. ಒಬ್ಬರ ಹೆಸರು ತೆಗೆದರೆ ಅವರ ಸಾಲು ಮಾತ್ರ ಹೋಗುತ್ತದೆ. ಉಳಿದವರ ಪಿಎನ್‌ಆರ್ ಅದೇ, ಬೋಗಿ ಅದೇ, ಬರ್ತ್ ಅದೇ, ಕಟ್ಟಿದ ದರವೂ ಅದೇ. ಪಟ್ಟಿಯಲ್ಲಿ ಮೊದಲ ಹೆಸರಿನವರೇ ಬಿಟ್ಟುಹೋದರೂ ಅಷ್ಟೇ, ಉಳಿದವರಿಗೆ ಏನೂ ಆಗುವುದಿಲ್ಲ.

ಆ ತಾಯಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಲೆಕ್ಕ ಸುಲಭವಾಗಲಿ ಅಂತ ಒಬ್ಬರ ದರ 800 ರೂಪಾಯಿ ಅಂತಿಟ್ಟುಕೊಂಡೆವು. ಐದು ಜನಕ್ಕೆ 4,000. ಇದು 2023ರ ಮಾತು. ಆಗ ನಡೆಯುತ್ತಿದ್ದದ್ದು 2015ರ ನವೆಂಬರ್‌ನಲ್ಲಿ ಬಂದ ನಿಯಮ. ಗಾಡಿ ಹೊರಡೋಕೆ 48 ಗಂಟೆಗಿಂತ ಮುಂಚೆ ಕನ್ಫರ್ಮ್ ಸ್ಲೀಪರ್ ಟಿಕೆಟ್ ರದ್ದು ಮಾಡಿದರೆ ಒಬ್ಬರಿಗೆ 120 ರೂಪಾಯಿ ಹಿಡಿಯುತ್ತಿದ್ದರು. ಅಂದರೆ ಭಾವನವರ 800ರಲ್ಲಿ 680 ವಾಪಸ್ ಬರುತ್ತದೆ. ಉಳಿದ ನಾಲ್ಕು ಜನದ 3,200ಕ್ಕೆ ಯಾರೂ ಕೈ ಹಾಕುವುದಿಲ್ಲ.

48 ಗಂಟೆಯಿಂದ 12 ಗಂಟೆಯೊಳಗೆ ಬಂದರೆ ಆಗ ಶೇಕಡ 25 ಹಿಡಿಯುತ್ತಿದ್ದರು. ಇಲ್ಲೇ ಜನ ಹೆದರುವುದು, 4,000ದ ಕಾಲು ಭಾಗ ಅಂದರೆ ಸಾವಿರ ಹೋಯಿತಲ್ಲ ಅಂತ. ಹಾಗಲ್ಲ, ಕಾಲು ಭಾಗ ಲೆಕ್ಕ ಹಾಕುವುದು ರದ್ದಾದ ಒಬ್ಬರ ದರದ ಮೇಲೆ. 800ಕ್ಕೆ 200 ಹೋಗುತ್ತದೆ, 600 ಬರುತ್ತದೆ. 12ರಿಂದ 4 ಗಂಟೆಯೊಳಗಾದರೆ ಅರ್ಧ, ಅಂದರೆ 400. ಅದಕ್ಕಿಂತಲೂ ತಡವಾದರೆ ಕನ್ಫರ್ಮ್ ಟಿಕೆಟ್‌ಗೆ ಏನೂ ಸಿಗುತ್ತಿರಲಿಲ್ಲ. ಇನ್ನೊಂದು ವಿಷಯ, ದರ ಕಡಿಮೆ ಇದ್ದಾಗ ಕಾಲು ಭಾಗದ ಲೆಕ್ಕ ನಡೆಯುತ್ತಿರಲಿಲ್ಲ. 300 ರೂಪಾಯಿ ಟಿಕೆಟ್‌ಗೆ ಕಾಲು ಭಾಗ 75 ಆಗುತ್ತದೆ, ಆದರೆ ಕನಿಷ್ಠ 120 ಹಿಡಿದೇ ಹಿಡಿಯುತ್ತಿದ್ದರು. ಎ.ಸಿ. ಬೋಗಿಯಾದರೆ ಮೊತ್ತ ಬೇರೆ, ಅದರ ಮೇಲೆ ಜಿಎಸ್‌ಟಿ ಬೇರೆ. ಈ ಗಂಟೆ, ರೂಪಾಯಿಗಳನ್ನು ರೈಲ್ವೆಯವರು ಆಗಾಗ ಬದಲಾಯಿಸುತ್ತಾರೆ, ಕೆಲವು ಹೊಸ ಗಾಡಿಗಳಿಗೆ ಬೇರೆಯದೇ ಲೆಕ್ಕ ಇದೆ. ಆದ್ದರಿಂದ ರದ್ದು ಮಾಡುವ ದಿನ ಯಾವ ದರ ಇದೆಯೋ ಅದನ್ನು ನೋಡಿಕೊಳ್ಳಿ. ಒಬ್ಬೊಬ್ಬರಿಗೂ ಬೇರೆ ಬೇರೆ ಲೆಕ್ಕ ಅನ್ನುವುದನ್ನು ಹಿಡಿದುಕೊಂಡರೆ ಸಾಕು.

ಸ್ವಲ್ಪವೂ ವಾಪಸ್ ಬಾರದ ಒಂದಷ್ಟು ಚಿಲ್ಲರೆಯೂ ಇದೆ. ಐಆರ್‌ಸಿಟಿಸಿ ಹಿಡಿಯುವ ಕನ್ವೀನಿಯನ್ಸ್ ಫೀ ಒಂದು ಟಿಕೆಟ್‌ಗೆ ಇಷ್ಟು ಅಂತ ಇರುತ್ತದೆ, ತಲೆಗೆ ಇಷ್ಟು ಅಂತಲ್ಲ. ಹಾಗಾಗಿ ಒಬ್ಬರು ಹೋದರೆ ಅದರಲ್ಲಿ ಐದನೇ ಒಂದು ಭಾಗ ಬರಬೇಕಲ್ವಾ ಅಂತ ಕೇಳಿದರೆ, ಇಲ್ಲ. ಏಜೆಂಟ್ ಚಾರ್ಜೂ ಬರುವುದಿಲ್ಲ. ನನ್ನದೂ ಸೇರಿ!

ಪಕ್ಕದ ಮನೆಯವರ ಭಯಕ್ಕೆ ಕಾರಣ ಇದೆ ಅಂದೆನಲ್ಲ, ಅದು ಪರದೆಯ ಮೇಲೆ ಆಗುವ ತಪ್ಪು. ಆನ್‌ಲೈನ್‌ನಲ್ಲಿ `Booked Ticket History` ತೆಗೆದು `Cancel Ticket` ಒತ್ತಿದರೆ ಎಲ್ಲರ ಹೆಸರೂ ಸಾಲಾಗಿ ಬರುತ್ತದೆ, ಒಂದೊಂದರ ಮುಂದೆ ಒಂದು ಚಿಕ್ಕ ಚೌಕ. ಯಾರು ಹೋಗುವುದಿಲ್ಲವೋ ಅವರ ಚೌಕಕ್ಕೆ ಮಾತ್ರ ಟಿಕ್ ಹಾಕಬೇಕು. ನನಗೆ ಪರಿಚಯದ ಒಬ್ಬ ಹುಡುಗ ಇದನ್ನೇ ತಿರುಗಾಮುರುಗಾ ಮಾಡಿದ್ದ. 'ಯಾರ್ಯಾರು ಹೋಗ್ತಾರೆ' ಅಂತ ಕೇಳುತ್ತಿದೆ ಅಂದುಕೊಂಡು, ಹೋಗುವ ಮೂವರಿಗೆ ಟಿಕ್ ಹಾಕಿಬಿಟ್ಟ. ಕೊನೆಗೆ ಉಳಿದದ್ದು ಊರಲ್ಲೇ ಇರಬೇಕಿದ್ದ ಅಜ್ಜನ ಸೀಟು! ರದ್ದಾದದ್ದನ್ನು ವಾಪಸ್ ತರುವ ಬಟನ್ ಅಲ್ಲಿಲ್ಲ. ಬಿಟ್ಟ ಬರ್ತು ತಕ್ಷಣ ಕಾಯುತ್ತಿರುವವರ ಸಾಲಿಗೆ ಹೋಗುತ್ತದೆ. ಹೀಗೆ ಒಂದು ಮನೆಯಲ್ಲಿ ಆದರೆ ಸಾಕು, ಬೀದಿಯವರೆಲ್ಲ 'ಒಬ್ರದ್ದು ತೆಗೆದ್ರೆ ಎಲ್ರದ್ದೂ ಹೋಗುತ್ತೆ' ಅಂತ ನಂಬುತ್ತಾರೆ.

ಬೇಡವಾದವರದ್ದನ್ನು ಮಾತ್ರ ತೆಗೆಯಬೇಕು ಅಂತ ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. 'ಎಲ್ಲ ಕ್ಯಾನ್ಸಲ್ ಮಾಡಿ ನಾಲ್ಕು ಜನಕ್ಕೆ ಹೊಸದಾಗಿ ಬುಕ್ ಮಾಡಿಬಿಡಿ' ಅಂತ ಕೆಲವರು ಬರುತ್ತಾರೆ. ಹೋಗುವ ನಾಲ್ಕು ಜನಕ್ಕೂ ಸುಮ್ನೆ ರದ್ದು ಶುಲ್ಕ ಬೀಳುತ್ತದೆ. ಸೀಟು ಮತ್ತೆ ಸಿಗುತ್ತದೆ ಅಂತ ಖಾತ್ರಿ ಇಲ್ಲ. ರಾಜಧಾನಿ, ಶತಾಬ್ದಿ ಥರದ ಗಾಡಿಯಾದರೆ ದರವೇ ಏರಿರುತ್ತದೆ. ಅವುಗಳಲ್ಲಿ ಸೀಟು ತುಂಬುತ್ತ ಹೋದಂತೆ ಮೂಲ ದರ ಶೇಕಡ ಹತ್ತು ಹತ್ತರಂತೆ ಮೇಲೆ ಹೋಗುತ್ತದೆ. ನೀವು ಮೊದಲು ಕೊಂಡಾಗಿನ ದರ ನಿಮ್ಮ ಹೆಸರಿಗೆ ಅಂಟಿಕೊಂಡಿರುತ್ತದೆ. ಪಕ್ಕದವರ ಹೆಸರು ತೆಗೆದರೆ ಅದು ಬದಲಾಗುವುದಿಲ್ಲ, ನೀವೇ ಕೈಯಾರೆ ಬಿಟ್ಟರೆ ಮಾತ್ರ ಹೋಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಎಲ್ಲರದ್ದೂ ಕನ್ಫರ್ಮ್ ಆದ ಟಿಕೆಟ್ ಕಥೆ. ನಿಜವಾಗಿ ತಲೆ ಓಡಿಸಬೇಕಾದದ್ದು ಕಲಬೆರಕೆ ಟಿಕೆಟ್‌ನಲ್ಲಿ. ಕೆಲವರದ್ದು ಕನ್ಫರ್ಮ್, ಒಬ್ಬಿಬ್ಬರದ್ದು ವೇಟಿಂಗ್ ಅಥವಾ ಒಂದು ಬರ್ತನ್ನು ಇಬ್ಬರು ಹಂಚಿಕೊಂಡು ಕೂರುವ ಆರ್‌ಎಸಿ. ಇಲ್ಲಿ ಉಳಿದವರ ದುಡ್ಡಿಗೂ ರದ್ದಾಗುವ ಒಬ್ಬರಿಗೂ ಸಂಬಂಧ ಇದೆ.

ವೇಟಿಂಗ್‌ನಲ್ಲಿ ಇರುವವರು ರದ್ದು ಮಾಡಿದರೆ ಹಿಡಿಯುವುದು ಕಡಿಮೆ, ತಲೆಗೆ 60 ರೂಪಾಯಿ ಕ್ಲರ್ಕೇಜ್ ಅಷ್ಟೇ. ಹೊರಡುವ ಅರ್ಧ ಗಂಟೆ ಮುಂಚಿನವರೆಗೂ ಅದಕ್ಕೆ ಅವಕಾಶ ಇದೆ. ನಿಯಮದಲ್ಲಿ ಇನ್ನೊಂದು ಒಳ್ಳೆಯ ಸಾಲಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಒಂದೇ ಇ-ಟಿಕೆಟ್‌ನಲ್ಲಿ ಕೆಲವರದ್ದು ಕನ್ಫರ್ಮ್ ಆಗಿ ಕೆಲವರದ್ದು ಆಗದಿದ್ದರೆ, ಎಲ್ಲರೂ ಒಟ್ಟಿಗೆ ಪ್ರಯಾಣ ಬಿಡಬಹುದು. ಹೊರಡುವುದಕ್ಕೆ ಅರ್ಧ ಗಂಟೆ ಇರುವವರೆಗೆ ಎಲ್ಲರದ್ದನ್ನೂ ರದ್ದು ಮಾಡಿದರೆ, ಇಲ್ಲವೇ ಸೀಟು ಹಂಚಿದ ಕೊನೆಯ ಪಟ್ಟಿ, ಅಂದರೆ ಚಾರ್ಟ್, ಆಗಿದ್ದರೆ ಅಷ್ಟರೊಳಗೆ ಟಿಡಿಆರ್ ಅನ್ನುವ ದುಡ್ಡು ವಾಪಸ್ ಕೇಳುವ ಆನ್‌ಲೈನ್ ಅರ್ಜಿ ಹಾಕಿದರೆ, ಕನ್ಫರ್ಮ್ ಆದವರಿಗೂ ಕ್ಲರ್ಕೇಜ್ ಮಾತ್ರ ಹಿಡಿದು ಉಳಿದದ್ದು ಕೊಡುತ್ತಾರೆ. ಮನೆಯವರಲ್ಲಿ ಒಬ್ಬರಿಗೆ ಸೀಟಿಲ್ಲ ಅಂದಮೇಲೆ ಉಳಿದವರು ಬಿಟ್ಟು ಹೋಗಲಿಕ್ಕೆ ಆಗುತ್ತದಾ ಅನ್ನುವುದು ಅದರ ಹಿಂದಿನ ಲೆಕ್ಕ.

ಇದರಲ್ಲಿ ಮೊದಲು ಯಾವುದು, ಆಮೇಲೆ ಯಾವುದು ಅನ್ನುವುದರ ಮೇಲೆ ದುಡ್ಡು ನಿಂತಿದೆ. 2023ರ ಅದೇ ನಿಯಮದಲ್ಲಿ ಲೆಕ್ಕ ಹಾಕೋಣ. ನಾಲ್ಕು ಜನ, ತಲೆಗೆ 800, ಸ್ಲೀಪರ್. ಮೂವರದ್ದು ಕನ್ಫರ್ಮ್, ನಾಲ್ಕನೆಯ ತಂಗಿಯದ್ದು ವೇಟಿಂಗ್. ಗಾಡಿ ಹೊರಡಲು ಹತ್ತು ಗಂಟೆ ಇದೆ. 'ತಂಗಿದು ಹೇಗೂ ಆಗಲ್ಲ, ಮೊದಲು ಅವಳದ್ದು ತೆಗೆಯೋಣ' ಅಂತ ತೆಗೆದರೆ 60 ಹೋಗುತ್ತದೆ. ಟಿಕೆಟ್‌ನಲ್ಲಿ ಈಗ ಉಳಿದದ್ದು ಮೂರು ಕನ್ಫರ್ಮ್ ಹೆಸರು, ಕಲಬೆರಕೆ ಅಲ್ಲ. ಅರ್ಧ ಗಂಟೆ ಬಿಟ್ಟು ಮನೆಯವರು 'ಅವಳಿಲ್ಲದೆ ನಾವೂ ಹೋಗಲ್ಲ' ಅಂದರೆ ಮೂವರಿಗೂ ಅರ್ಧ ದರ ಹಿಡಿತ, 1,200. ಒಟ್ಟು 1,260 ಕಳೆದುಕೊಂಡಂತಾಯಿತು. ಅದೇ ನಾಲ್ಕು ಹೆಸರನ್ನೂ ಒಂದೇ ಸಲಕ್ಕೆ ತೆಗೆದಿದ್ದರೆ ನಾಲ್ಕು ಅರವತ್ತು, 240 ಅಷ್ಟೇ. ಹಾಗಾಗಿ ಕಲಬೆರಕೆ ಟಿಕೆಟ್ ಹಿಡಿದುಕೊಂಡು ಬಂದವರಿಗೆ ನಾನು ಮೊದಲು ಕೇಳುವುದು: ಇವರಿಲ್ಲದಿದ್ದರೂ ನೀವು ಹೋಗೋದು ಖಂಡಿತಾನಾ? ಮನೆಗೆ ಫೋನ್ ಮಾಡಿ ಗಟ್ಟಿ ಮಾಡಿಕೊಂಡು ಬನ್ನಿ ಅನ್ನುತ್ತೇನೆ.

ಉಲ್ಟಾ ಪರಿಸ್ಥಿತಿಯೂ ಬರುತ್ತದೆ. ಕನ್ಫರ್ಮ್ ಇದ್ದವರು ಬಿಡುತ್ತಾರೆ, ವೇಟಿಂಗ್ ಇದ್ದವರು ಹೋಗಬೇಕು. ಒಂದೇ ಟಿಕೆಟ್ ತಾನೇ, ಅಣ್ಣನ ಬರ್ತು ತಂಗಿಗೆ ಬರುತ್ತದೆ ಅಂದುಕೊಳ್ಳಬೇಡಿ. ಅಣ್ಣ ಬಿಟ್ಟ ಬರ್ತು ಇಡೀ ಗಾಡಿಯ ಸಾಲಿನಲ್ಲಿ ಮುಂದಿರುವವರಿಗೆ ಹೋಗುತ್ತದೆ. ತಂಗಿಯ ನಂಬರ್ ಒಂದು ಮುಂದೆ ಸರಿದರೆ ಅದೇ ಲಾಭ.

ಎಲ್ಲರದ್ದೂ ಕನ್ಫರ್ಮ್ ಇದ್ದಾಗ ಬಿಡುವವರ ಜಾಗಕ್ಕೆ ಮನೆಯಲ್ಲೇ ಇನ್ನೊಬ್ಬರು ಸಿಕ್ಕರೆ ರದ್ದು ಮಾಡಲೇಬೇಡಿ. ಅಪ್ಪ, ಅಮ್ಮ, ಅಣ್ಣ, ತಮ್ಮ, ಅಕ್ಕ, ತಂಗಿ, ಮಗ, ಮಗಳು, ಗಂಡ, ಹೆಂಡತಿ, ಇಷ್ಟು ಸಂಬಂಧದೊಳಗೆ ಹೆಸರು ಬದಲಾಯಿಸಲು ಬರುತ್ತದೆ. ಗಾಡಿ ಹೊರಡುವ 24 ಗಂಟೆ ಮುಂಚೆ ರಿಸರ್ವೇಶನ್ ಕೌಂಟರ್‌ಗೆ ಟಿಕೆಟ್ ಪ್ರಿಂಟು, ಗುರುತಿನ ಚೀಟಿ, ಸಂಬಂಧದ ದಾಖಲೆ ತೆಗೆದುಕೊಂಡು ಹೋಗಿ ಅರ್ಜಿ ಕೊಡಬೇಕು. ಒಂದು ಸಲ ಮಾತ್ರ.

ಆ ತಾಯಿಯ ವಿಷಯಕ್ಕೆ ಬಂದರೆ, ಅವರ ಭಾವನಿಗೆ ಒಬ್ಬ ಮಗ ಇದ್ದ, ಮಂಗಳೂರಿನಲ್ಲಿ ಓದುತ್ತಿದ್ದ. ಅಪ್ಪನ ಜಾಗಕ್ಕೆ ಅವನು ಹೋಗಬಹುದಾ ಅಂತ ಕೇಳಿದೆ. ಫೋನ್ ಹಚ್ಚಿದರು. ಪರೀಕ್ಷೆಯಂತೆ. ಸರಿ, ಒಬ್ಬರದ್ದೇ ತೆಗೆದೆವು. ನಾನು ಬುಕ್ ಮಾಡಿದ ಟಿಕೆಟ್ ಆದ್ದರಿಂದ ರದ್ದು ನಾನೇ ಮಾಡಬೇಕು, ದುಡ್ಡು ಬರುವುದೂ ನನ್ನ ಖಾತೆಗೆ. ರದ್ದಾದ ತಕ್ಷಣ ಅವರ ಮೊಬೈಲಿಗೆ ಒಂದು ಓಟಿಪಿ ಮೆಸೇಜ್ ಬಂತು, ಅದರಲ್ಲಿ ವಾಪಸ್ ಬರುವ ಮೊತ್ತವೂ ಇತ್ತು. 'ಮೊದಲು ದುಡ್ಡು ಎಣಿಸಿಕೊಳ್ಳಿ, ಆಮೇಲೆ ನಂಬರ್ ಹೇಳಿ' ಅಂದೆ. ಹಳೇ ಪ್ರಿಂಟಿನಲ್ಲಿ ಐದು ಹೆಸರಿತ್ತಲ್ಲ, ಅದನ್ನು ಹರಿದು ನಾಲ್ಕು ಹೆಸರಿನದ್ದು ಹೊಸದಾಗಿ ತೆಗೆದುಕೊಟ್ಟೆ. ಬರ್ತ್ ನಂಬರ್‌ಗಳನ್ನು ಒಂದೊಂದಾಗಿ ಹಳೆಯದಕ್ಕೆ ಹೋಲಿಸಿ ನೋಡಿದರು. ಎಲ್ಲ ಹಾಗೇ ಇದ್ದವು.

'ಮತ್ತೆ ಖಾಲಿ ಆದ ಬರ್ತಲ್ಲಿ ನಾವು ಕಾಲು ಚಾಚಬಹುದಾ?' ಅಂದರು.

ಅಲ್ಲಿ ಬೇರೆ ಯಾರಾದರೂ ಬರುತ್ತಾರೆ ತಾಯಿ ಅಂದೆ.