1,200 ಜನರ ಸಮೀಕ್ಷೆಯಲ್ಲಿ ಕೊಡಗಿನವರು ಎಷ್ಟು ಜನ?

ಪ್ರಶ್ನೆ: ಮೈಸೂರು-ಕೊಡಗು ಲೋಕಸಭಾ ಕ್ಷೇತ್ರದ ಒಂದು ಚುನಾವಣಾ ಸಮೀಕ್ಷೆಯ ಸಾರಾಂಶ ನಮ್ಮ ವಾಟ್ಸಾಪ್ ಗುಂಪಿಗೆ ಬಂದಿತ್ತು. ‘1,200 ಜನರನ್ನು ಮಾತಾಡಿಸಿದ್ದೇವೆ, ಮಾರ್ಜಿನ್ ಆಫ್ ಎರರ್ ಶೇ 3’ ಎಂದು ಕೆಳಗೆ ಬರೆದಿತ್ತು. ಮೇಲೆ ದಪ್ಪ ಅಕ್ಷರದಲ್ಲಿ, ‘ಕೊಡಗಿನಲ್ಲಿ ಒಂದು ಪಕ್ಷಕ್ಕೆ ಶೇ 46, ಇನ್ನೊಂದಕ್ಕೆ ಶೇ 41, ಸ್ಪಷ್ಟ ಮುನ್ನಡೆ’ ಎಂದಿತ್ತು. ಅಂತರ 5, ತಪ್ಪಿನ ಮಿತಿ 3. ಹಾಗಾದ್ರೆ ಮುನ್ನಡೆ ನಿಜ ಅಂತ ನಂಬಬಹುದು ಅಲ್ವಾ? – ಮಡಿಕೇರಿಯ ಓದುಗರು

ಉತ್ತರ: ನಂಬುವ ಹಾಗಿಲ್ಲ. ಆದರೆ ಆ ಸಾರಾಂಶದಲ್ಲಿ ಸುಳ್ಳು ಅಂಕಿಯೂ ಇಲ್ಲ. ಶೇ 3 ಎನ್ನುವುದು ಒಂದು ಕಡೆಯ ಲೆಕ್ಕ, ಕೊಡಗಿನ ಮುನ್ನಡೆ ಇನ್ನೊಂದು ಕಡೆಯ ಲೆಕ್ಕ. ಎರಡನ್ನೂ ಒಂದೇ ಹಾಳೆಯಲ್ಲಿ ಹಾಕಿದ್ದರಿಂದ ಒಂದಕ್ಕೊಂದು ಸಂಬಂಧ ಇದೆ ಎಂದು ಕಾಣುತ್ತದೆ.

ಮೊದಲು ಶೇ 3 ಸರಿಯೇ ನೋಡೋಣ. ಫೋನಿನ ಕ್ಯಾಲ್ಕ್ಯುಲೇಟರ್ ಸಾಕು. ಮಾತಾಡಿಸಿದ ಜನರ ಸಂಖ್ಯೆಯ ವರ್ಗಮೂಲ ತೆಗೆಯಿರಿ, ಅದರಿಂದ 98ನ್ನು ಭಾಗಿಸಿ.

```
98 ÷ √1200 = 2.8
```

2.8 ಅಂದರೆ ಸುಮಾರು 3. ಸಾರಾಂಶ ಹೇಳಿದ್ದು ಸರಿ. ಇದೇ 1,200 ಜನರಿಗೆ ಯಾರಾದರೂ ‘ಶೇ 2’ ಎಂದು ಬರೆದಿದ್ದರೆ ಅಲ್ಲೇ ಅನುಮಾನ ಪಡಬೇಕಿತ್ತು. ಶೇ 2ಕ್ಕೆ ಇಳಿಸಲು 2,400 ಜನ ಬೇಕು. ಈ ಲೆಕ್ಕದ ಅರ್ಥ ಇಷ್ಟು: ಇದೇ ರೀತಿ 100 ಸಲ ಬೇರೆ ಬೇರೆ ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿ ಕೇಳಿದರೆ, ಸುಮಾರು 95 ಸಲ ಸಿಕ್ಕ ಉತ್ತರ ನಿಜವಾದ ಸಂಖ್ಯೆಯಿಂದ ಆಚೆ ಈಚೆ 2.8ರೊಳಗೆ ಇರುತ್ತದೆ. ಉಳಿದ ಐದು ಸಲ ಅದಕ್ಕೂ ದೂರ ಹೋಗಬಹುದು.

ಈಗ ಕೊಡಗಿಗೆ ಬನ್ನಿ. ಮೈಸೂರು-ಕೊಡಗು ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಅದರಲ್ಲಿ ಕೊಡಗಿನವು ಎರಡೇ, ಮಡಿಕೇರಿ ಮತ್ತು ವಿರಾಜಪೇಟೆ. 1,200 ಜನರನ್ನು ಎಂಟಕ್ಕೂ ಸಮನಾಗಿ ಹಂಚಿದ್ದರೆ ಕೊಡಗಿಗೆ ಬಂದವರು 300. ‘ಕೊಡಗಿನಲ್ಲಿ ಶೇ 46’ ಎಂಬ ಮಾತಿನ ಹಿಂದೆ ಇರುವುದು ಈ 300 ಜನ ಮಾತ್ರ. ಅವರಿಗೆ ಅದೇ ಲೆಕ್ಕ ಹಾಕಿ.

```
98 ÷ √300 = 5.7
```

ತಪ್ಪಿನ ಮಿತಿ ಸುಮಾರು ಎರಡು ಪಟ್ಟಾಯಿತು. ಜನ ನಾಲ್ಕನೇ ಒಂದಾದರೆ ತಪ್ಪು ಎರಡು ಪಟ್ಟು, ಅದೇ ನಿಯಮ. ‘ಕೊಡಗು ಚಿಕ್ಕ ಜಿಲ್ಲೆ, 300 ಜನ ಧಾರಾಳ ಆಯ್ತು’ ಎಂದು ಹಲವರು ನನ್ನ ಹತ್ತಿರ ವಾದ ಮಾಡಿದ್ದಾರೆ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5.5 ಲಕ್ಷ. ಅದು 5.5 ಲಕ್ಷ ಇರಲಿ, 5 ಕೋಟಿ ಇರಲಿ, 300 ಜನರ ತಪ್ಪಿನ ಮಿತಿ ಹೆಚ್ಚುಕಮ್ಮಿ ಅಷ್ಟೇ. ಮೇಲಿನ ಲೆಕ್ಕದಲ್ಲಿ ಜನಸಂಖ್ಯೆ ಎಲ್ಲೂ ಬಂದಿಲ್ಲ, ಗಮನಿಸಿ.

ಮುಂದಿನದು ನಿಮ್ಮ ಪ್ರಶ್ನೆಯ ತಿರುಳು. 5.7 ಎನ್ನುವುದು ಒಂದು ಪಕ್ಷದ ಪಾಲಿಗೆ ಸಂಬಂಧಿಸಿದ್ದು, ಎರಡು ಪಕ್ಷಗಳ ನಡುವಿನ ಅಂತರಕ್ಕಲ್ಲ. ಒಬ್ಬ ಮತದಾರ ಈ ಪಕ್ಷ ಬಿಟ್ಟು ಆ ಪಕ್ಷಕ್ಕೆ ಹೋದರೆ ಒಂದರಲ್ಲಿ ಒಂದು ಕಡಿಮೆ, ಇನ್ನೊಂದರಲ್ಲಿ ಒಂದು ಜಾಸ್ತಿ. ಅಂತರ ಎರಡು ಬದಲಾಯಿತು. ಹಾಗಾಗಿ ನೇರ ಸ್ಪರ್ಧೆಯಲ್ಲಿ ಮುನ್ನಡೆಯ ತಪ್ಪಿನ ಮಿತಿ ಒಂದು ಪಕ್ಷದ ಮಿತಿಯ ಸುಮಾರು ಎರಡು ಪಟ್ಟು ಇರುತ್ತದೆ. 46 ಮತ್ತು 41ಕ್ಕೆ, 300 ಜನರಿಗೆ, ಸರಿಯಾಗಿ ಲೆಕ್ಕ ಹಾಕಿದರೆ ಅದು 10.5. ಮುನ್ನಡೆ 5, ಆಚೆ ಈಚೆ 10.5. ಅಂದರೆ ಮೊದಲ ಪಕ್ಷ 15ರಷ್ಟು ಮುಂದೆಯೂ ಇರಬಹುದು, 5ರಷ್ಟು ಹಿಂದೆಯೂ ಇರಬಹುದು. ಇದನ್ನು ‘ಸ್ಪಷ್ಟ ಮುನ್ನಡೆ’ ಎಂದು ಕರೆದದ್ದು ನನಗೆ ಬಹಳ ಬೇಸರದ ವಿಷಯ. ಓದುವವರು ಅದನ್ನು ನಂಬಿ ಮಾತಾಡುತ್ತಾರೆ, ಕೆಲವರು ಅದನ್ನೇ ನಂಬಿ ಮತ ಹಾಕುತ್ತಾರೆ.

ಇಷ್ಟೆಲ್ಲ ಲೆಕ್ಕ ಒಂದು ನಂಬಿಕೆಯ ಮೇಲೆ ನಿಂತಿದೆ. 300 ಜನರನ್ನು ಜಿಲ್ಲೆಯ ಎಲ್ಲ ಕಡೆಯಿಂದ ಚೀಟಿ ಎತ್ತಿದ ಹಾಗೆ ಆರಿಸಿದ್ದಾರೆ ಎಂಬ ನಂಬಿಕೆ. ಕಾಫಿ ಮಾರಿದವರಿಗೆ ಇದನ್ನು ಬೇಗ ಹೇಳಬಹುದು. ಚೆರಿ ಕಾಫಿ ಕೊಟ್ಟಾಗ ವ್ಯಾಪಾರಿ ಔಟ್‌ಟರ್ನ್ ನೋಡುತ್ತಾನೆ. ಸ್ವಲ್ಪ ತೆಗೆದು, ಸಿಪ್ಪೆ ಬಿಡಿಸಿ, ಬೀಜ ಎಷ್ಟು ತೂಗುತ್ತದೆ ನೋಡಿ ಬೆಲೆ ಕಟ್ಟುತ್ತಾನೆ. 60 ಚೀಲದಲ್ಲಿ ಬೇರೆ ಬೇರೆ ಚೀಲಕ್ಕೆ ಕೈ ಹಾಕಿದರೆ ಸರಿ. ಎಲ್ಲವನ್ನೂ ಒಂದೇ ಚೀಲದಿಂದ ತೆಗೆದರೆ? ಆ ಚೀಲ ಒಂದೇ ಬ್ಲಾಕಿನ ಕಾಫಿ, ಒಂದೇ ಕಣದಲ್ಲಿ ಒಣಗಿದ್ದು. ಇನ್ನಷ್ಟು ಹಿಡಿ ತೆಗೆದರೂ ಹೊಸದೇನೂ ತಿಳಿಯುವುದಿಲ್ಲ.

ಸಮೀಕ್ಷೆಯಲ್ಲಿ ಚೀಲ ಅಂದರೆ ಮತಗಟ್ಟೆ. ಖರ್ಚು ಉಳಿಸಲು ಕೆಲವೇ ಮತಗಟ್ಟೆ ಆರಿಸಿ, ಒಂದೊಂದರಲ್ಲಿ ಬಹಳ ಜನರನ್ನು ಮಾತಾಡಿಸುವುದು ಸಾಮಾನ್ಯ. ಕೊಡಗಿನಲ್ಲಿ ಆರು ಮತಗಟ್ಟೆ, ಒಂದೊಂದರಲ್ಲಿ 50 ಜನ ಎಂದಿಟ್ಟುಕೊಳ್ಳಿ. ಒಂದು ಮತಗಟ್ಟೆಯ ಸುತ್ತ ತೋಟದ ಲೈನ್ ಮನೆಗಳೇ ಜಾಸ್ತಿ, ಇನ್ನೊಂದರ ಸುತ್ತ ಪೇಟೆಯ ಅಂಗಡಿಯವರು, ಮತ್ತೊಂದರಲ್ಲಿ ಒಂದೇ ಊರಿನ ಒಕ್ಕದವರು. ಒಂದು ಕಡೆ ಇರುವವರ ಅಭಿಪ್ರಾಯ ಒಂದಕ್ಕೊಂದು ಸ್ವಲ್ಪ ಹೋಲುತ್ತದೆ. ಈ ಹೋಲಿಕೆಯನ್ನು 0ಯಿಂದ 1ರವರೆಗೆ ಅಳೆಯುತ್ತಾರೆ. ತೀರಾ ಕಡಿಮೆ, 0.05 ಎಂದು ಹಿಡಿದರೂ ಹೀಗಾಗುತ್ತದೆ:

```
1 + (50 − 1) × 0.05 = 3.45
300 ÷ 3.45 = 87
98 ÷ √87 = 10.5
```

300 ಜನರನ್ನು ಮಾತಾಡಿಸಿದರೂ ಅದರ ಬೆಲೆ 87 ಜನರಷ್ಟೇ. ಈಗ ಒಂದು ಪಕ್ಷದ ಪಾಲಿನಲ್ಲೇ ತಪ್ಪು 10.5. ಅದೇ 300 ಜನರನ್ನು 30 ಮತಗಟ್ಟೆಗಳಲ್ಲಿ ಹತ್ತು ಹತ್ತರಂತೆ ಕೇಳಿದ್ದರೆ ಭಾಗಿಸುವ ಸಂಖ್ಯೆ 1.45ಕ್ಕೆ ಇಳಿಯುತ್ತಿತ್ತು, ಬೆಲೆ 207 ಜನರಷ್ಟಾಗುತ್ತಿತ್ತು. ಅದಕ್ಕೇ ನಾನು ‘ಎಷ್ಟು ಜನ’ ಎಂದು ಕೇಳಿದ ಕೂಡಲೇ ‘ಎಷ್ಟು ಮತಗಟ್ಟೆ’ ಎಂದೂ ಕೇಳುತ್ತೇನೆ. ಬರೀ ಶೇ 3 ಎಂದು ಬರೆಯುವ ಸಾರಾಂಶಗಳು ಈ ಲೆಕ್ಕವನ್ನು ಸಾಮಾನ್ಯವಾಗಿ ಸೇರಿಸಿರುವುದಿಲ್ಲ.

ಇನ್ನೊಂದು ಸಣ್ಣ ವಿಷಯ. 46 ಮತ್ತು 41 ಕೂಡಿದರೆ 87. ಉಳಿದ 13ರಲ್ಲಿ ‘ಹೇಳುವುದಿಲ್ಲ’ ಎಂದವರೂ ಇದ್ದಾರೆಯೇ, ಅಥವಾ ಅವರನ್ನು ಮೊದಲೇ ಬಿಟ್ಟು ಉಳಿದವರಲ್ಲಿ ಶೇಕಡಾ ತೆಗೆದಿದ್ದಾರೆಯೇ, ನೋಡಿ. 300ರಲ್ಲಿ 90 ಜನ ಬಾಯಿ ಬಿಡದಿದ್ದರೆ ಲೆಕ್ಕ ಹಾಕಬೇಕಾದ್ದು 210ಕ್ಕೆ. ಹೇಳದವರು ಹೇಳಿದವರ ಹಾಗೆಯೇ ಮತ ಹಾಕುತ್ತಾರೆ ಎಂಬುದಕ್ಕೂ ಯಾವ ಆಧಾರ ಇಲ್ಲ. ಆ ತಪ್ಪು ಯಾವ ಮಾರ್ಜಿನ್‌ನಲ್ಲೂ ಬರುವುದಿಲ್ಲ. ಫೋನಿನಲ್ಲಿ ಮಾತ್ರ ಕೇಳಿದ್ದರೆ ನೆಟ್‌ವರ್ಕ್ ಸಿಗದ ಕಡೆಯವರು ಬಿಟ್ಟುಹೋಗುವುದೂ ಹಾಗೇ.

ನಮ್ಮ ಜಿಲ್ಲೆಗೆ ಇದು ಯಾಕೆ ಇಷ್ಟು ಮುಖ್ಯ ಅಂದರೆ, ಇಲ್ಲಿ ಪೈಪೋಟಿ ಬಹಳ ಬಿಗಿ. 2023ರ ವಿಧಾನಸಭಾ ಚುನಾವಣೆಯಲ್ಲಿ ಮಡಿಕೇರಿ, ವಿರಾಜಪೇಟೆ ಎರಡೂ ಐದು ಸಾವಿರಕ್ಕಿಂತ ಕಡಿಮೆ ಮತಗಳಲ್ಲಿ ತೀರ್ಮಾನವಾದವು. ಒಂದೊಂದರಲ್ಲೂ ಚಲಾವಣೆಯಾದ ಮತ ಒಂದೂವರೆ ಲಕ್ಷಕ್ಕಿಂತ ಹೆಚ್ಚು. ಅಂತರ ಶೇ 3ರ ಆಸುಪಾಸು. ಅಷ್ಟು ಸಣ್ಣ ಮುನ್ನಡೆಯನ್ನು ಧೈರ್ಯವಾಗಿ ಹೇಳಬೇಕಾದರೆ ಒಂದೇ ಕ್ಷೇತ್ರದಲ್ಲಿ ಸುಮಾರು 4,000 ಜನರನ್ನು, ಅದೂ ಎಲ್ಲ ಕಡೆಯಿಂದ ಚೀಟಿ ಎತ್ತಿದ ಹಾಗೆ ಆರಿಸಿ, ಕೇಳಬೇಕು. ನಿಮಗೆ ಬಂದ ಸಮೀಕ್ಷೆ ಒಂದು ಕ್ಷೇತ್ರದಲ್ಲಿ ಕೇಳಿರಬಹುದಾದದ್ದು 150 ಜನರನ್ನು. ಅದರಿಂದ ಬರೆಯಬಹುದಾದ ತಲೆಬರಹ ‘ಕೊಡಗಿನಲ್ಲಿ ಯಾರು ಮುಂದೆ ಎಂದು ಹೇಳಲಾಗದು’ ಎಂಬುದೊಂದೇ.