ರಾತ್ರೋರಾತ್ರಿ ಖಾಲಿಯಾದ 20 ಜಿಬಿ

ಬೇಸಿಗೆ ರಜೆಯ ಒಂದು ಬೆಳಿಗ್ಗೆ. ನನ್ನ ಮೊಬೈಲ್ ಅಂಗಡಿ ಶಟರ್ ಇನ್ನೂ ಅರ್ಧ ಎತ್ತಿದ್ದೆ, ಸಿಂಗಪುರದಿಂದ ವಾಟ್ಸಾಪ್ ಕಾಲ್ ಬಂತು. ಎಂಸಿಸಿ ಬಡಾವಣೆಯ ಹಳೇ ಗಿರಾಕಿ. ಅಪ್ಪ, ಅಮ್ಮ, ಹೆಂಡತಿ, ಇಬ್ಬರು ಮಕ್ಕಳ ಜೊತೆ ಆರು ದಿನದ ಪ್ರವಾಸಕ್ಕೆ ಹೋಗಿದ್ದರು. ಮೂರು ದಿನ ಸಿಂಗಪುರ, ಮೂರು ದಿನ ಮಲೇಷ್ಯಾ. ಟೂರ್‌ನವರು ಬಾಡಿಗೆಗೆ ಒಂದು ಪುಟ್ಟ ರೂಟರ್ ಕೊಟ್ಟಿದ್ದರು, ಆರು ದಿನಕ್ಕೆ 20 ಜಿಬಿ.

‘ಅಣ್ಣಾ, ಬಂದು ಎರಡು ರಾತ್ರಿ ಆಯ್ತು ಅಷ್ಟೆ. ಡೇಟಾ ಪೂರ್ತಿ ಖಾಲಿ. ಹೋಟೆಲ್ ವೈಫೈನಿಂದ ಮಾಡ್ತಿದೀನಿ. ಪಕ್ಕದ ರೂಮಿನವರು ಯಾರಾದ್ರೂ ಕದ್ರಾ?’

ಯಾರೂ ಕದ್ದಿರಲಿಲ್ಲ. ಅವರ ಫೋನುಗಳೇ ತಿಂದಿದ್ದವು.

ಫೋನಿಗೆ ಎರಡು ಥರದ ಇಂಟರ್ನೆಟ್ ಗೊತ್ತು. ಒಂದು ಸಿಮ್ಮಿನದು, ಅದು ದುಬಾರಿ ಅಂತ ಕೈ ಬಿಗಿ ಹಿಡಿಯುತ್ತದೆ. ಇನ್ನೊಂದು ವೈಫೈ, ಅದು ಮನೆಯದು ಅಂತ ಧಾರಾಳವಾಗಿ ಬಳಸುತ್ತದೆ. ರೂಟರ್‌ನಿಂದ ಬರುವುದೂ ವೈಫೈ ತಾನೇ? ಒಳಗಿರುವುದು ಎಣಿಸಿ ಕೊಟ್ಟ ಸಿಮ್ ಡೇಟಾ ಅಂತ ಫೋನಿಗೆ ತಿಳಿಯುವುದಿಲ್ಲ. ರಾತ್ರಿ ಚಾರ್ಜಿಗೆ ಹಾಕಿ ಮಲಗಿದರೆ ಸಾಕು, ಅವತ್ತಿನ ಫೋಟೋ, ವಿಡಿಯೋ ಎಲ್ಲ ಬ್ಯಾಕಪ್‌ಗೆ ಹೊರಡುತ್ತವೆ. ಆಪ್‌ಗಳೂ ಅಪ್‌ಡೇಟ್ ಆಗುತ್ತವೆ.

ಅವತ್ತೇ ಲೆಕ್ಕ ಹಾಕಿದೆವು. ಒಂದು ಫೋಟೋ ಸುಮಾರು 4 ಎಂಬಿ. ದಿನಕ್ಕೆ 150 ಫೋಟೋ ಅಂದರೆ 600 ಎಂಬಿ. ಸಾಮಾನ್ಯ ಎಚ್‌ಡಿ ವಿಡಿಯೋ ನಿಮಿಷಕ್ಕೆ ಸುಮಾರು 130 ಎಂಬಿ, ಹತ್ತು ನಿಮಿಷಕ್ಕೆ 1300. ಒಂದು ಫೋನಿಗೆ ದಿನಕ್ಕೆ ಹತ್ತಿರ ಹತ್ತಿರ 2 ಜಿಬಿ ಆಯಿತು. ಆ ಮನೆಯಲ್ಲಿ ಫೋಟೋ ಹೊಡೆಯುವ ಫೋನು ನಾಲ್ಕು. ಎರಡು ದಿನಕ್ಕೆ 15 ಜಿಬಿ ಅಲ್ಲಿಗೇ ಹೋಯಿತು. ಉಳಿದದ್ದು ಮಗನ ರೀಲ್ಸ್‌ಗೆ. ಬೈಗುಳ ಪೂರ್ತಿ ಬಿದ್ದದ್ದು ಮಾತ್ರ ಮಗನಿಗೇ, ಪಾಪ.

ಇದಕ್ಕೆ ಮದ್ದು ಇದೆ. ಆಂಡ್ರಾಯ್ಡ್‌ನಲ್ಲಿ ಆ ವೈಫೈ ಹೆಸರಿನ ಪಕ್ಕದ ಚಕ್ರ ಒತ್ತಿದರೆ ಒಳಗೆ `Metered` ಅನ್ನುವ ಆಯ್ಕೆ ಇರುತ್ತದೆ. ಕೆಲವು ಫೋನಿನಲ್ಲಿ `Treat as metered` ಅಂತ ಇರುತ್ತದೆ. ಐಫೋನ್‌ನಲ್ಲಿ ಅದೇ ಜಾಗದಲ್ಲಿ `Low Data Mode`. ಇದನ್ನು ಹಾಕಿದರೆ ಫೋನು ಆ ವೈಫೈಯನ್ನೂ ಸಿಮ್ ಡೇಟಾದ ಹಾಗೆ ಜೋಪಾನವಾಗಿ ಬಳಸುತ್ತದೆ. ಪ್ರತಿ ಫೋನಿನಲ್ಲೂ ಒಂದೊಂದು ಸಲ ಹಾಕಬೇಕು. ಬ್ಯಾಕಪ್ಪನ್ನು ಬೇರೆಯಾಗಿಯೂ ಆಫ್ ಮಾಡಿಬಿಡುವುದು ಒಳ್ಳೆಯದು, ಊರಿಗೆ ಬಂದು ಮಾಡಿಕೊಂಡರಾಯಿತು.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಆಂಡ್ರಾಯ್ಡ್ ಫೋನಿನ ಹಾಟ್‌ಸ್ಪಾಟ್‌ಗೆ ಇನ್ನೊಂದು ಆಂಡ್ರಾಯ್ಡ್ ಫೋನು ಸೇರಿದಾಗ, ‘ಇದು ಎಣಿಕೆಯ ಡೇಟಾ’ ಅಂತ ಮೊದಲನೆಯದೇ ಎರಡನೆಯದಕ್ಕೆ ಹೇಳಿಬಿಡುತ್ತದೆ. ಎರಡನೆಯದು ತಾನಾಗಿ ಕೈ ಬಿಗಿ ಹಿಡಿಯುತ್ತದೆ. ಪುಟ್ಟ ರೂಟರ್‌ಗಳಲ್ಲಿ ಸಾಮಾನ್ಯವಾಗಿ ಈ ಸೂಚನೆ ಇರುವುದಿಲ್ಲ. ಹಾಗಾಗಿ ಅದೇ ಆರು ಜನ, ಅದೇ 20 ಜಿಬಿ ಇದ್ದರೂ ರೂಟರ್‌ನಲ್ಲಿ ಬೇಗ ಮುಗಿಯುತ್ತದೆ.

ರೂಟರ್‌ನ ಇನ್ನೊಂದು ಕಾಟ ಅವರಿಗೆ ಮೊದಲ ದಿನವೇ ಗೊತ್ತಾಗಿತ್ತು. ಲಿಟಲ್ ಇಂಡಿಯಾದಲ್ಲಿ ಯಜಮಾನರು ರೂಟರ್ ಇದ್ದ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಒಂದು ಅಂಗಡಿ ಹೊಕ್ಕರು. ಹೆಂಗಸರು ಮಕ್ಕಳು ಮುಂದೆ ನಡೆದರು. ಹತ್ತು ಹದಿನೈದು ಮೀಟರ್ ದಾಟುತ್ತಿದ್ದ ಹಾಗೆ ಅವರ ನಾಲ್ಕು ಫೋನೂ ಒಟ್ಟಿಗೆ ಸತ್ತವು. ಮ್ಯಾಪ್ ಇಲ್ಲ, ಕಾಲ್ ಇಲ್ಲ. ಮುಕ್ಕಾಲು ಗಂಟೆ ಒಬ್ಬರನ್ನೊಬ್ಬರು ಹುಡುಕಿದ್ದಾರೆ.

ಆದ್ದರಿಂದ ಐದಾರು ಜನರ ಕುಟುಂಬಕ್ಕೆ ನಾನು ಈಗ ಹೇಳುವುದು ಹೀಗೆ: ರೂಟರ್ ಬೇಡ. ಇಬ್ಬರು ದೊಡ್ಡವರ ಫೋನಿಗೆ ಅಲ್ಲಿನ ಸಿಮ್ ಅಥವಾ ಇ-ಸಿಮ್ ಹಾಕಿಸಿ, ಉಳಿದವರು ಹಾಟ್‌ಸ್ಪಾಟ್ ತಗೊಳ್ಳಲಿ. ಗುಂಪು ಎರಡಾದರೂ ಎರಡೂ ಕಡೆ ನೆಟ್ ಇರುತ್ತದೆ. ಹಾಟ್‌ಸ್ಪಾಟ್ ಕೊಡುವ ಫೋನಿನ ಬ್ಯಾಟರಿ ಮಧ್ಯಾಹ್ನಕ್ಕೇ ಇಳಿಯುತ್ತದೆ, ಒಂದು ಪವರ್ ಬ್ಯಾಂಕ್ ಜೊತೆಗಿರಲಿ. ಸಿಂಗಪುರದಿಂದ ಮಲೇಷ್ಯಾಕ್ಕೆ ಗಡಿ ದಾಟುವವರು ಎರಡೂ ದೇಶಕ್ಕೆ ನಡೆಯುವ ಪ್ಯಾಕ್ ಹೌದಾ ಅಂತ ಕೇಳಿಯೇ ಕೊಳ್ಳಬೇಕು. ಒಂದೇ ವ್ಯಾನಿನಲ್ಲಿ, ಲ್ಯಾಪ್‌ಟಾಪು ಟ್ಯಾಬು ಎಲ್ಲ ಕಟ್ಟಿಕೊಂಡು ತಿರುಗುವವರಿಗೆ ರೂಟರ್ ಸರಿ. ಇಲ್ಲಿಂದಲೇ ಒಯ್ಯುವುದಾದರೆ ಅದು ಒಂದೇ ಕಂಪನಿಯ ಸಿಮ್ಮಿಗೆ ಲಾಕ್ ಆಗಿಲ್ಲವೇ ಅಂತ ಮೊದಲು ನೋಡಿ. ಇನ್ನೊಬ್ಬರ ಬೇರೆ ಕಂಪನಿ ಸಿಮ್ ಹಾಕಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಹಾಗಾದರೆ ರೋಮಿಂಗ್ ಯಾತಕ್ಕೆ? ಒಟಿಪಿಗೆ. ಕಾರ್ಡ್ ಉಜ್ಜಿದರೂ ಬ್ಯಾಂಕಿನ ಮೆಸೇಜ್ ಬರುವುದು ನಮ್ಮ ಊರಿನ ನಂಬರಿಗೇ. ಅದಕ್ಕೆ ಡೇಟಾ ಪ್ಯಾಕ್ ಬೇಕಿಲ್ಲ. ಬೆಂಗಳೂರಿನಲ್ಲಿ ವಿಮಾನ ಹತ್ತುವ ಮೊದಲೇ ಅಂತಾರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ಸಿಮ್ಮನ್ನು ಫೋನಿನಲ್ಲೇ ಬಿಟ್ಟು, ಅದರ `Data roaming` ಆಫ್ ಇಡಿ. ಬರುವ ಮೆಸೇಜಿಗೆ ಸಾಮಾನ್ಯವಾಗಿ ದುಡ್ಡಿಲ್ಲ. ಪ್ಯಾಕ್ ಇಲ್ಲದೆ ಕಾಲ್ ಎತ್ತಿದರೆ ಮಾತ್ರ ಮೀಟರ್ ಓಡುತ್ತದೆ. ಬ್ಯಾಂಕ್ ಆಪನ್ನು ಅಲ್ಲಿ ಹೋಗಿ ಡಿಲೀಟ್ ಮಾಡಿ ಮತ್ತೆ ಹಾಕಬೇಡಿ. ಮತ್ತೆ ನೋಂದಣಿ ಆಗಲು ಅದು ನಮ್ಮ ಸಿಮ್ಮಿನಿಂದಲೇ ಒಂದು ಮೆಸೇಜ್ ಕಳಿಸಬೇಕು, ಅದಕ್ಕೆ ದುಡ್ಡೂ ಹೋಗುತ್ತದೆ, ಎಷ್ಟೋ ಸಲ ಮೆಸೇಜೂ ಹೋಗುವುದಿಲ್ಲ.

ಈ ಕುಟುಂಬದಲ್ಲಿ ಎಡವಟ್ಟಾದದ್ದು ಅಜ್ಜನ ಫೋನಿಂದ. ಮನೆಯ ಮುಖ್ಯ ಖಾತೆ ಅಜ್ಜನ ಹೆಸರಲ್ಲಿತ್ತು, ಒಟಿಪಿ ಬರುವುದು ಅವರ ಹಳೇ ಕೀಪ್ಯಾಡ್ ಸೆಟ್ಟಿಗೆ. ಅದು ಬರೀ 2ಜಿ. ಸಿಂಗಪುರದಲ್ಲಿ 2ಜಿಯನ್ನು 2017ರಲ್ಲೇ ಮುಚ್ಚಿದ್ದಾರೆ, 3ಜಿಯನ್ನು 2024ರಲ್ಲಿ. ‘ನೆಟ್‌ವರ್ಕೇ ಬರಾಕ್ಹತ್ತಿಲ್ಲ ನೋಡಪ್ಪ’ ಅಂತ ಅಜ್ಜ ಫೋನನ್ನು ಕಿಟಕಿ ಹೊರಗೆ ಹಿಡಿದಿದ್ದರಂತೆ. ಆ ಸಿಮ್ಮನ್ನು ಮೊಮ್ಮಗಳ 4ಜಿ ಫೋನಿನ ಎರಡನೇ ಗೂಡಿಗೆ ಹಾಕಿಸಿದೆ. ಎರಡು ನಿಮಿಷದಲ್ಲಿ ತಡೆದು ನಿಂತಿದ್ದ ಮೆಸೇಜೆಲ್ಲ ಸುರಿದವು.

ಒಬ್ಬರೇ ಎರಡು ಮೂರು ದಿನದ ಕೆಲಸಕ್ಕೆ ಹೋಗುವವರಿಗೆ ಸುಮ್ನೆ ರೋಮಿಂಗ್ ಪ್ಯಾಕೇ ವಾಸಿ. ಸಿಮ್ ಕೌಂಟರ್ ಹುಡುಕುವ ಕೆಲಸ ಉಳಿಯಿತು ಅಲ್ವಾ?

ಇದೇ ಕುಟುಂಬ ಈಗ ದುಬೈಗೆ ಟಿಕೆಟ್ ಮಾಡಿಸಿದೆ. ಮೊನ್ನೆ ಅಂಗಡಿಗೆ ಬಂದಿದ್ದರು. ಅಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಲಿನ ಸಿಮ್ಮಿನಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಆದರೆ ಕಾಲ್, ವಿಡಿಯೋ ಕಾಲ್ ತಡೆದಿರುತ್ತಾರೆ. ಅಜ್ಜಿಗೆ ಹರಿಹರದ ಮಗಳ ಜೊತೆ ದಿನಾ ರಾತ್ರಿ ಮುಖ ನೋಡಿ ಮಾತಾಡಲೇಬೇಕು. ರೋಮಿಂಗ್‌ನಲ್ಲಿ ನಮ್ಮ ಡೇಟಾ ಸಾಮಾನ್ಯವಾಗಿ ನಮ್ಮ ಕಂಪನಿಯ ನೆಟ್‌ವರ್ಕಿಗೇ ವಾಪಸ್ ಬಂದು, ಇಲ್ಲಿಂದ ಇಂಟರ್ನೆಟ್ಟಿಗೆ ಹೋಗುತ್ತದೆ. ಸುತ್ತು ದಾರಿ, ಸ್ವಲ್ಪ ನಿಧಾನ. ಆದರೆ ಅಲ್ಲಿನ ತಡೆ ಹೆಚ್ಚಾಗಿ ಅದಕ್ಕೆ ತಾಗುವುದಿಲ್ಲ. ಹಾಗಾಗಿ ಇಬ್ಬರಿಗೆ ಅಲ್ಲಿನ ಸಿಮ್, ಅಜ್ಜಿಯ ಫೋನಿಗೆ ಮಾತ್ರ ಇಲ್ಲಿಂದಲೇ ರೋಮಿಂಗ್ ಪ್ಯಾಕ್ ಅಂತ ತೀರ್ಮಾನ ಆಗಿದೆ. ಕಾಲ್ ಮಾಡುವ ಮುಂಚೆ ಅಜ್ಜಿಯ ಫೋನಿನ ವೈಫೈ ಆಫ್ ಮಾಡಬೇಕು, ಇಲ್ಲದಿದ್ದರೆ ಅದು ಹೋಟೆಲಿನ ದಾರಿ ಹಿಡಿದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆ ಕೆಲಸವನ್ನು ಮೊಮ್ಮಗಳಿಗೆ ವಹಿಸಿದ್ದೇವೆ.