ವೋಲ್ಟ್‌ಮೀಟರ್ ಸರಿಯಾಗಿ ತೋರಿಸುತ್ತದೆ, ಅಮ್ಮೀಟರ್ ಏಕೆ ತಪ್ಪು ತೋರಿಸುತ್ತದೆ?

ಓದುಗರ ಪ್ರಶ್ನೆ: ನನ್ನ ಬಳಿ ಒಂದು ಚಲಿಸುವ ಸುರುಳಿಯ ಮೀಟರ್ ಇದೆ. ಸುರುಳಿಯ ರೋಧ 100 ಓಮ್. 1 ಮಿಲಿಆಂಪಿಯರ್ ಹರಿದರೆ ಮುಳ್ಳು ಕೊನೆಯ ಗೆರೆಗೆ ಹೋಗುತ್ತದೆ. ಸರಣಿಯಲ್ಲಿ 9,900 ಓಮ್ ಸೇರಿಸಿ 10 ವೋಲ್ಟ್‌ವರೆಗಿನ ವೋಲ್ಟ್‌ಮೀಟರ್ ಮಾಡಿದೆ. ಅದು ಸರಿಯಾಗಿಯೇ ಇದೆ. ಬಳಿಕ ಅದೇ ಮೀಟರಿನಿಂದ 5 ಆಂಪಿಯರ್‌ವರೆಗಿನ ಅಮ್ಮೀಟರ್ ಮಾಡಲು 0.02 ಓಮ್ ಷಂಟ್ ಬೇಕೆಂದು ಲೆಕ್ಕ ಹಾಕಿ, ಮನೆಯ ವೈರಿಂಗಿಗೆ ಬಳಸುವ 1 ಚದರ ಮಿಲಿಮೀಟರ್ ತಾಮ್ರದ ತಂತಿಯನ್ನು 116 ಸೆಂಟಿಮೀಟರ್ ಕತ್ತರಿಸಿ, ಸುರುಳಿ ಸುತ್ತಿ, ಮೀಟರಿನ ಹಿಂಬದಿಯ ಎರಡು ಸ್ಕ್ರೂಗಳಿಗೆ ಬಿಗಿದೆ. ಸರ್ಕಿಟ್‌ನ ತಂತಿಗಳನ್ನೂ ಅವೇ ಸ್ಕ್ರೂಗಳಿಗೆ ಹಾಕಿದ್ದೇನೆ. 3 ಆಂಪಿಯರ್ ಹರಿಯುವಾಗ ಮುಳ್ಳು ಸುಮಾರು 3.7 ತೋರಿಸುತ್ತದೆ, ಕೆಲವು ನಿಮಿಷಗಳಲ್ಲಿ 3.8ರ ಕಡೆಗೆ ಏರುತ್ತದೆ. ನನ್ನ ಲೆಕ್ಕದಲ್ಲಿ ತಪ್ಪೇನು?

ಉತ್ತರ: ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಮೀಟರಿನ ಎರಡು ತುದಿಗಳ ನಡುವೆ 100 ಮಿಲಿವೋಲ್ಟ್ ಇದ್ದಾಗ ಅದರೊಳಗೆ 1 ಮಿಲಿಆಂಪಿಯರ್ ಹರಿಯುತ್ತದೆ. ಒಟ್ಟು 5 ಆಂಪಿಯರ್‌ನಲ್ಲಿ ಉಳಿದ 4.999 ಆಂಪಿಯರ್ ಷಂಟಿನ ಮೂಲಕ ಹೋಗಬೇಕು, ಮತ್ತು ಹಾಗೆ ಹೋಗುವಾಗ ಷಂಟಿನ ತುದಿಗಳ ನಡುವೆಯೂ ಅದೇ 100 ಮಿಲಿವೋಲ್ಟ್ ಇರಬೇಕು. ದ್ವಿತೀಯ ಪಿಯುಸಿ ಪಾಠದಲ್ಲಿ ಬರುವ ಸೂತ್ರ ಹೇಳುವುದೂ ಇದನ್ನೇ:

S = Ig × G ÷ (I − Ig) = 0.001 × 100 ÷ 4.999 = 0.020004

ವೋಲ್ಟ್‌ಮೀಟರಿನ ಲೆಕ್ಕವೂ ಸರಿಯಾಗಿದೆ. 10 ವೋಲ್ಟ್‌ಗೆ 1 ಮಿಲಿಆಂಪಿಯರ್ ಮಾತ್ರ ಹರಿಯಬೇಕಾದರೆ ಒಟ್ಟು ರೋಧ 10,000 ಓಮ್ ಆಗಬೇಕು. ಸುರುಳಿಯ 100 ಓಮ್ ಕಳೆದರೆ 9,900 ಉಳಿಯುತ್ತದೆ. ಒಂದೇ ಮೀಟರಿನ ಮೇಲೆ ಮಾಡಿದ ಈ ಎರಡು ಸರಿಯಾದ ಲೆಕ್ಕಗಳಲ್ಲಿ ಒಂದು ಕೈಗೂಡಿ ಇನ್ನೊಂದು ಕೈಕೊಟ್ಟದ್ದು ಏಕೆಂಬುದೇ ಇಲ್ಲಿ ತಿಳಿಯಬೇಕಾದ ವಿಷಯ.

ಮೊದಲು 3.7 ಎಲ್ಲಿಂದ ಬಂತೆಂದು ನೋಡೋಣ. 3 ಆಂಪಿಯರ್ ಇದ್ದಾಗ ಮುಳ್ಳು 3.7 ತೋರಿಸಬೇಕಾದರೆ ಷಂಟಿನ ರೋಧ 20 ಮಿಲಿಓಮ್ ಅಲ್ಲ, ಸುಮಾರು 25 ಮಿಲಿಓಮ್ ಇರಬೇಕು. ಹೆಚ್ಚಾದ ಆ 5 ಮಿಲಿಓಮ್ ತಂತಿಯಲ್ಲಿಲ್ಲ, ಸ್ಕ್ರೂಗಳ ಬಳಿಯ ಕೂಡಿಕೆಯಲ್ಲಿದೆ. ತಂತಿಯ ಎಳೆಗಳು ಸ್ಕ್ರೂವಿಗೆ ಕೆಲವೇ ಬಿಂದುಗಳಲ್ಲಿ ತಾಗುತ್ತವೆ. ಮೇಲ್ಮೈಯಲ್ಲಿ ತೆಳುವಾದ ಆಕ್ಸೈಡ್ ಪದರವೂ ಇರುತ್ತದೆ. ಒಂದೊಂದು ಕೂಡಿಕೆಗೆ ಎರಡು ಮೂರು ಮಿಲಿಓಮ್ ಎಂದರೆ ಅಸಹಜವೇನಲ್ಲ. ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ: ಮೊದಲು ಕರೆಂಟನ್ನು ಆರಿಸಿ, ನಟ್‌ಗಳನ್ನು ಇನ್ನೂ ಅರ್ಧ ಸುತ್ತು ಬಿಗಿ ಮಾಡಿ, ಮತ್ತೆ ಅದೇ 3 ಆಂಪಿಯರ್ ಹರಿಸಿ. ಮುಳ್ಳು ನಿಲ್ಲುವ ಜಾಗ ಬದಲಾದರೆ ದೋಷ ಕೂಡಿಕೆಯದ್ದೇ.

ಅಷ್ಟೇ 5 ಮಿಲಿಓಮ್ ನಿಮ್ಮ ವೋಲ್ಟ್‌ಮೀಟರಿನಲ್ಲೂ ಎಲ್ಲೋ ಇದೆ. ಆದರೆ ಅಲ್ಲಿ ಅದು 10,000 ಓಮ್‌ಗೆ ಸೇರಿಕೊಂಡಿರುವುದರಿಂದ ಯಾವ ಮುಳ್ಳಿಗೂ ಕಾಣದು. ಇಲ್ಲಿ 20 ಮಿಲಿಓಮ್‌ಗೆ ಸೇರಿ ಕಾಲು ಭಾಗದಷ್ಟು ತಪ್ಪನ್ನು ತಂದಿದೆ. ಹಾಗಾಗಿ ಕೂಡಿಕೆಯ ರೋಧವನ್ನು ಪೂರ್ತಿ ಇಲ್ಲವಾಗಿಸಲು ಹೆಣಗುವುದಕ್ಕಿಂತ, ಅದು ಇದ್ದರೂ ತೊಂದರೆ ಕೊಡದ ಜಾಗಕ್ಕೆ ಅದನ್ನು ಸರಿಸುವುದೇ ಸರಿಯಾದ ದಾರಿ. ಕಾರ್ಖಾನೆಯ ಷಂಟುಗಳಲ್ಲಿ ಎರಡು ದಪ್ಪ ಬೋಲ್ಟ್‌ಗಳ ಜೊತೆಗೆ ಎರಡು ಚಿಕ್ಕ ಸ್ಕ್ರೂಗಳು ಬೇರೆಯಾಗಿ ಇರುವುದು ಇದಕ್ಕಾಗಿಯೇ. ದಪ್ಪ ಬೋಲ್ಟ್‌ಗಳ ಮೂಲಕ ಸರ್ಕಿಟ್‌ನ ಪೂರ್ಣ ಪ್ರವಾಹ ಬಂದು ಹೋಗುತ್ತದೆ; ಅಲ್ಲಿಯ ಕೂಡಿಕೆಯಲ್ಲಿ ಒಂದಷ್ಟು ವೋಲ್ಟೇಜ್ ನಷ್ಟವಾದರೂ ಮೀಟರ್ ಅದನ್ನು ನೋಡುವುದಿಲ್ಲ. ಮೀಟರಿನ ತಂತಿಗಳು ಒಳಭಾಗದ ಚಿಕ್ಕ ಸ್ಕ್ರೂಗಳಿಗೆ ಸೇರುತ್ತವೆ. ಆ ಕೂಡಿಕೆಯ 5 ಮಿಲಿಓಮ್ ಸುರುಳಿಯ 100 ಓಮ್‌ಗೆ ಸೇರಿ ಕಾಣೆಯಾಗುತ್ತದೆ.

ನಾಲ್ಕು ತುದಿಯ ಈ ಜೋಡಣೆಗೆ ಇನ್ನೊಂದು ಗುಣವಿದೆ, ನನ್ನ ಮಟ್ಟಿಗೆ ಅದು ನಿಖರತೆಗಿಂತಲೂ ದೊಡ್ಡದು. ನೀವು ಈಗ ಮಾಡಿರುವಂತೆ ಸರ್ಕಿಟ್‌ನ ತಂತಿಗಳು ಮೀಟರಿನ ಸ್ಕ್ರೂಗಳಿಗೇ ಬಂದಿದ್ದರೆ, ಷಂಟಿನ ಒಂದು ನಟ್ ಸಡಿಲವಾದ ಕ್ಷಣದಲ್ಲಿ ಸರ್ಕಿಟ್‌ನ ಪ್ರವಾಹಕ್ಕೆ ಸುರುಳಿಯ ಹೊರತು ಬೇರೆ ದಾರಿಯೇ ಇರುವುದಿಲ್ಲ. 12 ವೋಲ್ಟ್ ಬ್ಯಾಟರಿಯೊಂದೇ 100 ಓಮ್ ಸುರುಳಿಯೊಳಗೆ 100 ಮಿಲಿಆಂಪಿಯರ್‌ಗಿಂತ ಹೆಚ್ಚನ್ನು ನುಗ್ಗಿಸಬಲ್ಲದು, ಎಂದರೆ ಸುರುಳಿ ತಾಳಬೇಕಾದ ಪ್ರವಾಹದ ನೂರು ಪಟ್ಟು. ಮುಳ್ಳು ಬಾಗುತ್ತದೆ, ಕೂದಲಿನಂಥ ಕಮಾನು ಸುಡುತ್ತದೆ. ಷಂಟನ್ನು ಸರ್ಕಿಟ್‌ನಲ್ಲಿ ನೇರವಾಗಿ ಕೂರಿಸಿ ಮೀಟರನ್ನು ಅದರಿಂದ ಬೇರೆ ತಂತಿಗಳಲ್ಲಿ ತಂದರೆ, ಮೀಟರಿನ ಯಾವ ತಂತಿ ಬಿಚ್ಚಿಹೋದರೂ ಮುಳ್ಳು ಸೊನ್ನೆಗೆ ಇಳಿಯುತ್ತದೆ, ಅಷ್ಟೇ.

ಇನ್ನು 3.7ರಿಂದ 3.8ಕ್ಕೆ ಏರುವ ವಿಚಾರ. ಇದಕ್ಕೆ ಕಾರಣ ತಾಮ್ರ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ತಾಮ್ರದ ರೋಧ ಸುಮಾರು 0.39 ಶೇಕಡಾ ಹೆಚ್ಚುತ್ತದೆ. ಪಿವಿಸಿ ಹೊದಿಕೆಯ ತಂತಿಯನ್ನು ಒತ್ತಾಗಿ ಸುತ್ತಿರುವುದರಿಂದ ಅದರ ಶಾಖ ಹೊರಹೋಗಲು ದಾರಿ ಕಡಿಮೆ. ಅದು ಏಳೆಂಟು ಡಿಗ್ರಿ ಬೆಚ್ಚಗಾದರೂ ನೀವು ಕಂಡ ಏರಿಕೆಯ ಅಳತೆಗೆ ಸಾಕು.

ಸುರುಳಿಯೂ ತಾಮ್ರದ್ದೇ, ಷಂಟೂ ತಾಮ್ರದ್ದೇ, ಎರಡರ ರೋಧವೂ ಒಂದೇ ಪ್ರಮಾಣದಲ್ಲಿ ಏರಿದರೆ ಪ್ರವಾಹ ಹಂಚಿಹೋಗುವ ಅನುಪಾತ ಹಾಗೆಯೇ ಉಳಿಯಬೇಕಲ್ಲವೇ ಎಂದು ನೀವು ಕೇಳಬಹುದು. ಎರಡೂ ಒಂದೇ ಉಷ್ಣತೆಯಲ್ಲಿದ್ದರೆ ಅದು ನಿಜ. ಆದರೆ ಅವು ಹಾಗೆ ಇರುವುದಿಲ್ಲ. ಪೂರ್ಣ 5 ಆಂಪಿಯರ್ ಹರಿಯುವಾಗ ಷಂಟಿನಲ್ಲಿ ಅರ್ಧ ವಾಟ್ ಶಾಖ ಹುಟ್ಟುತ್ತದೆ. ಸುರುಳಿಯಲ್ಲಿ ಹುಟ್ಟುವುದು 0.1 ಮಿಲಿವಾಟ್, ಅದರ ಐದು ಸಾವಿರದಲ್ಲೊಂದು ಪಾಲು. ಷಂಟ್ ಬೆಚ್ಚಗಾಗುತ್ತದೆ, ಸುರುಳಿ ಕೋಣೆಯ ಉಷ್ಣತೆಯಲ್ಲೇ ಕುಳಿತಿರುತ್ತದೆ. ಷಂಟಿನ ರೋಧ ಏರಿದಂತೆ ಮೀಟರಿಗೆ ಸಿಗುವ ಪಾಲು ಹೆಚ್ಚಿ ಮುಳ್ಳು ಮೇಲೇರುತ್ತದೆ.

ಆದ್ದರಿಂದ ಷಂಟಿಗೆ ಬಳಸುವುದು ಮ್ಯಾಂಗನಿನ್. ಬಹುಪಾಲು ತಾಮ್ರಕ್ಕೆ ಸುಮಾರು 12 ಶೇಕಡಾ ಮ್ಯಾಂಗನೀಸನ್ನೂ ಸ್ವಲ್ಪ ನಿಕ್ಕಲನ್ನೂ ಬೆರೆಸಿದ ಈ ಮಿಶ್ರಲೋಹವನ್ನು ಅಳತೆಯ ಉಪಕರಣಗಳಿಗೆಂದೇ 19ನೆಯ ಶತಮಾನದ ಕೊನೆಯಲ್ಲಿ ರೂಪಿಸಿದವರು ಎಡ್ವರ್ಡ್ ವೆಸ್ಟನ್. ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿ ಅದರ ರೋಧ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಕಾನ್‌ಸ್ಟಂಟನ್ ತಂತಿಯ ರೋಧವೂ ಸ್ಥಿರವೇ. ಆದರೆ ತಾಮ್ರಕ್ಕೆ ತಾಗಿದಲ್ಲಿ ಅದು ಪ್ರತಿ ಡಿಗ್ರಿಗೆ ಸುಮಾರು 40 ಮೈಕ್ರೋವೋಲ್ಟ್ ಹುಟ್ಟಿಸುವುದರಿಂದ, ಷಂಟಿನ ಒಂದು ತುದಿ ಇನ್ನೊಂದಕ್ಕಿಂತ ಬಿಸಿಯಾದರೆ ಮಿಲಿವೋಲ್ಟ್ ಎಣಿಸುವ ಈ ಕೆಲಸದಲ್ಲಿ ಅದೂ ತಪ್ಪು ತರುತ್ತದೆ.

ಮ್ಯಾಂಗನಿನ್ ಹಾಕಿದರೆ ಷಂಟಿನ ಚಿಂತೆ ತೀರುತ್ತದೆ, ಸುರುಳಿಯದ್ದು ಮಾತ್ರ ತೀರುವುದಿಲ್ಲ. ನೀವು 100 ಓಮ್ ಎಂದು ಅಳೆದದ್ದು 20 ಡಿಗ್ರಿಯಲ್ಲಿ ಎಂದಿಟ್ಟುಕೊಳ್ಳಿ. ರಾಯಚೂರು, ಕಲಬುರಗಿಯ ಕಡೆ ಬೇಸಿಗೆಯಲ್ಲಿ 40 ಡಿಗ್ರಿಯಾದಾಗ ಅದೇ ಸುರುಳಿ 107.8 ಓಮ್ ಆಗಿರುತ್ತದೆ. ಷಂಟಿನ ಮೇಲೆ 100 ಮಿಲಿವೋಲ್ಟ್ ಇದ್ದರೂ ಸುರುಳಿಯಲ್ಲಿ ಹರಿಯುವುದು 0.93 ಮಿಲಿಆಂಪಿಯರ್, ನಿಜವಾದ 5 ಆಂಪಿಯರನ್ನು ಮೀಟರ್ 4.64 ಎಂದು ತೋರಿಸುತ್ತದೆ. ನಿಮ್ಮ ವೋಲ್ಟ್‌ಮೀಟರಿನಲ್ಲಿಯೂ ಸುರುಳಿ ಅಷ್ಟೇ ಬೆಳೆದಿರುತ್ತದೆ, ಆದರೆ ಅಲ್ಲಿ 10,000 ಓಮ್ 10,007.8 ಆಗುತ್ತದೆ, ಅಷ್ಟೇ. ಸುರುಳಿಯ ತಪ್ಪನ್ನು ಆ 9,900 ಓಮ್ ಮುಳುಗಿಸಿಬಿಡುತ್ತದೆ.

ಅಮ್ಮೀಟರಿಗೂ ಇದೇ ಉಪಾಯ ಒದಗುತ್ತದೆ. ಸುರುಳಿಯೊಂದಿಗೆ ಸರಣಿಯಲ್ಲಿ 300 ಓಮ್ ಮ್ಯಾಂಗನಿನ್ ರೋಧಕವನ್ನೋ ಒಳ್ಳೆಯ ಮೆಟಲ್ ಫಿಲ್ಮ್ ರೋಧಕವನ್ನೋ ಸೇರಿಸಿ, ಒಟ್ಟು 400 ಓಮ್ ಎಂದು ಭಾವಿಸಿ ಷಂಟಿನ ಲೆಕ್ಕ ಹಾಕಿ. ಷಂಟ್ 0.08 ಓಮ್ ಆಗುತ್ತದೆ. 20 ಡಿಗ್ರಿ ವ್ಯತ್ಯಾಸಕ್ಕೆ ಬರುವ ತಪ್ಪು 7 ಶೇಕಡಾದಿಂದ 2ಕ್ಕಿಂತ ಕೆಳಗೆ ಇಳಿಯುತ್ತದೆ. ಇದಕ್ಕೆ ತೆರುವ ಬೆಲೆಯೆಂದರೆ, ಅಮ್ಮೀಟರ್ ಈಗ ಸರ್ಕಿಟ್‌ನಿಂದ 0.1ರ ಬದಲು 0.4 ವೋಲ್ಟ್ ತಿನ್ನುತ್ತದೆ, ಷಂಟಿನಲ್ಲಿ 2 ವಾಟ್ ಶಾಖ ಹುಟ್ಟುತ್ತದೆ. 12 ವೋಲ್ಟ್ ಬ್ಯಾಟರಿಯ ಚಾರ್ಜರಿಗೆ ಇದು ಸಹ್ಯ, 1.5 ವೋಲ್ಟ್ ಸೆಲ್ಲಿನ ಸರ್ಕಿಟ್‌ಗೆ ಸಹ್ಯವಲ್ಲ. ನಿಮ್ಮ ಕೆಲಸ ಯಾವುದೆಂದು ನೋಡಿ ನೀವೇ ನಿರ್ಧರಿಸಬೇಕು.

2 ಮಿಲಿಮೀಟರ್ ವ್ಯಾಸದ ಮ್ಯಾಂಗನಿನ್ ತಂತಿ ಸಿಕ್ಕರೆ 0.02 ಓಮ್‌ಗೆ ಸುಮಾರು 14 ಸೆಂಟಿಮೀಟರ್, 0.08 ಓಮ್‌ಗೆ ಸುಮಾರು 56 ಸೆಂಟಿಮೀಟರ್ ಬೇಕಾಗುತ್ತದೆ. ಅದಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಉದ್ದವಾಗಿಯೇ ಕತ್ತರಿಸಿ, ತುದಿಗಳನ್ನು ದಪ್ಪ ಹಿತ್ತಾಳೆಯ ತುಂಡುಗಳಿಗೆ ಬೆಸುಗೆ ಹಾಕಿ. ನಂಬಬಹುದಾದ ಒಂದು ಮೀಟರನ್ನು ಸರಣಿಯಲ್ಲಿಟ್ಟು 3 ಆಂಪಿಯರ್ ಹರಿಸಿ, ಮೀಟರಿನ ಒಂದು ತಂತಿಯನ್ನು ಮ್ಯಾಂಗನಿನ್ ಮೇಲೆ ತುದಿಯಿಂದ ಒಳಕ್ಕೆ ಸ್ವಲ್ಪಸ್ವಲ್ಪವೇ ಸರಿಸುತ್ತಾ ಬನ್ನಿ. ಎರಡೂ ಮೀಟರುಗಳು ಒಂದೇ ಓದು ಕೊಡುವ ಜಾಗ ಸಿಕ್ಕಾಗ ಅಲ್ಲಿಯೇ ಆ ತಂತಿಗೆ ಬೆಸುಗೆ ಹಾಕಿಬಿಡಿ.

ಸುರುಳಿಯ ರೋಧವನ್ನು ಮತ್ತೊಮ್ಮೆ ಅಳೆಯುವುದಾದರೆ ಮಲ್ಟಿಮೀಟರಿನ ಓಮ್ ರೇಂಜನ್ನು ಬಳಸಬೇಡಿ. ಕೆಲವು ಮಲ್ಟಿಮೀಟರುಗಳು ಅಲ್ಲಿ 1 ಮಿಲಿಆಂಪಿಯರ್‌ಗಿಂತ ಹೆಚ್ಚು ಹರಿಸುತ್ತವೆ. 9 ವೋಲ್ಟ್ ಬ್ಯಾಟರಿ ಮತ್ತು ಸುಮಾರು 9,000 ಓಮ್ ಸರಣಿಯಲ್ಲಿಟ್ಟು ಮುಳ್ಳನ್ನು ಕೊನೆಯ ಗೆರೆಗೆ ತಂದು, ಬಳಿಕ ಮೀಟರಿಗೆ ಸಮಾಂತರವಾಗಿ ಬದಲಾಯಿಸಬಲ್ಲ ರೋಧಕವೊಂದನ್ನು ಹಾಕಿ ಮುಳ್ಳು ಅರ್ಧಕ್ಕೆ ಇಳಿಯುವಂತೆ ಮಾಡಿ. ಆಗ ಆ ರೋಧಕದ ಬೆಲೆ ಸುರುಳಿಯ ರೋಧಕ್ಕೆ ಒಂದು ಶೇಕಡಾದಷ್ಟು ಮಾತ್ರ ಕಡಿಮೆ ಇರುತ್ತದೆ. ಇದನ್ನೇ 1.5 ವೋಲ್ಟ್ ಸೆಲ್ಲಿನಲ್ಲಿ ಮಾಡಿದರೆ ಸರಣಿಯ ರೋಧ ಸಾಲದೆ 100ರ ಬದಲು 93 ಓಮ್ ಬರುತ್ತದೆ.

ಕೊನೆಯದಾಗಿ, ನಿಮ್ಮ ವೋಲ್ಟ್‌ಮೀಟರ್ ಬ್ಯಾಟರಿಯ ಮೇಲೆ ಸರಿಯಾಗಿದ್ದರೂ ಎಲ್ಲ ಕಡೆಯೂ ಸರಿಯಾಗಿರುತ್ತದೆಂದು ನಂಬಬೇಡಿ. ಎರಡು 10,000 ಓಮ್ ರೋಧಕಗಳನ್ನು ಸರಣಿಯಲ್ಲಿಟ್ಟು 9 ವೋಲ್ಟ್ ಕೊಟ್ಟು, ಒಂದರ ಮೇಲೆ ಅದನ್ನು ಇಟ್ಟು ನೋಡಿ. 4.5 ಬರಬೇಕಾದಲ್ಲಿ 3 ವೋಲ್ಟ್ ತೋರಿಸುತ್ತದೆ. ಮೀಟರಿನ 10,000 ಓಮ್ ಆ ರೋಧಕಕ್ಕೆ ಸಮಾಂತರವಾಗಿ ಸೇರಿ ಅದನ್ನು 5,000 ಓಮ್ ಮಾಡಿರುತ್ತದೆ. ತೋರಿಸಿದ 3 ವೋಲ್ಟ್ ಆ ಕ್ಷಣಕ್ಕೆ ಅಲ್ಲಿ ನಿಜವಾಗಿಯೂ ಇರುವ ವೋಲ್ಟೇಜೇ. ಸರಣಿಯ ರೋಧವನ್ನು 49,900 ಓಮ್‌ಗೆ ಏರಿಸಿ 50 ವೋಲ್ಟ್ ರೇಂಜಿನಲ್ಲಿ ಅಳೆದರೆ ಅದೇ ಜಾಗದಲ್ಲಿ ಸುಮಾರು 4.1 ಬರುತ್ತದೆ. ಹೀಗೆ ರೇಂಜ್ ಬದಲಿಸಿದಾಗ ಓದು ಗಮನಾರ್ಹವಾಗಿ ಬದಲಾದರೆ, ಮೀಟರೇ ಸರ್ಕಿಟ್‌ನ ಮೇಲೆ ಭಾರವಾಗಿದೆಯೆಂದು ತಿಳಿಯಬೇಕು.